ನೀಲಿ ಗುಳಿಗೆಯ ಲೆಕ್ಕ: ಬಾಲಿಕೆಯರ ಮುಂದೆ ಆಶಾ ಕಾರ್ಯಕರ್ತೆ ಆಡಬೇಕಾದ ಮಾತು

ಹತ್ತರಿಂದ ಹತ್ತೊಂಬತ್ತು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೊಂದರಂತೆ ನೀಲಿ ಬಣ್ಣದ ಗುಳಿಗೆಯೊಂದನ್ನು ನುಂಗಿಸುವ ಕ್ರಮ ಈಗ ನಾಡಿನ ಶಾಲೆಗಳಲ್ಲಿ ರೂಢಿಗೆ ಬಂದಿದೆ. 2018ರಲ್ಲಿ ಆರಂಭವಾದ 'ಅನೀಮಿಯಾ ಮುಕ್ತ ಭಾರತ' ಯೋಜನೆಯ ಪ್ರಕಾರ ಆ ಒಂದು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ಶಾಲೆಗೆ ಬರುವವರಿಗೆ ಶಿಕ್ಷಕರು ಅದನ್ನು ಕೊಡುತ್ತಾರೆ. ಶಾಲೆ ಬಿಟ್ಟ ಹುಡುಗಿಯರಿಗೆ ಅದು ಅಂಗನವಾಡಿಯಲ್ಲಿ ದೊರೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರ ಪೈಕಿ ನೂರಕ್ಕೆ 59 ಮಂದಿಯಲ್ಲಿ ರಕ್ತಹೀನತೆ ಕಂಡುಬಂದಿತ್ತು. ಗುಳಿಗೆ ಅಗ್ಗವಾದದ್ದು, ಗುಣವುಳ್ಳದ್ದು. ಆದರೆ ಗುಳಿಗೆ ಕೈಗೆ ಬರುವುದು ಬೇರೆ, ಹೊಟ್ಟೆಗೆ ಇಳಿಯುವುದು ಬೇರೆ. ಕೈಗೆ ಬಂದ ಗುಳಿಗೆ ಪಾಟಿಚೀಲದ ತಳ ಸೇರುವುದುಂಟು. ನಾಲಿಗೆಯ ಕೆಳಗೆ ಉಳಿದು ಆಮೇಲೆ ಕಿಟಕಿಯಾಚೆ ಬೀಳುವುದೂ ಉಂಟು.

ಹೀಗಾಗುವುದಕ್ಕೆ ಹಟಮಾರಿತನಕ್ಕಿಂತ ಭಯವೇ ಹೆಚ್ಚಾಗಿ ಕಾರಣ. ಮೊದಲ ವಾರ ಗುಳಿಗೆ ನುಂಗಿದ ಹುಡುಗಿಗೆ ಹೊಟ್ಟೆ ತೊಳಸುತ್ತದೆ. ಮರುದಿನ ಮಲ ಕಪ್ಪಗೆ ಹೋಗುತ್ತದೆ. ಹೀಗಾದೀತೆಂದು ಮೊದಲೇ ಯಾರೂ ಹೇಳಿರುವುದಿಲ್ಲ. ಮನೆಯಲ್ಲಿ ಹೇಳಿದರೆ 'ಅದನ್ನಿನ್ನು ನುಂಗಬೇಡ' ಎಂಬ ಉತ್ತರ ಬರುತ್ತದೆ. ಎರಡನೆಯ ವಾರ ಆ ಹುಡುಗಿ ಮಾತ್ರವಲ್ಲ, ಅವಳ ಓರಗೆಯ ನಾಲ್ವರೂ ಗುಳಿಗೆಯನ್ನು ಎಸೆಯುತ್ತಾರೆ. ಆದುದರಿಂದ ಆಶಾ ಕಾರ್ಯಕರ್ತೆಯ ಮಾತಿನ ಸತ್ತ್ವವು ಗುಳಿಗೆಯ ಮಹಿಮೆಯನ್ನು ಹೊಗಳುವುದರಲ್ಲಿಲ್ಲ. ಏನಾಗುತ್ತದೆ, ಏಕಾಗುತ್ತದೆ, ಎಷ್ಟರಮಟ್ಟಿಗೆ ಆಗುತ್ತದೆ ಎಂಬುದನ್ನು ಮುಂಚಿತವಾಗಿ ಹೇಳಿಬಿಡುವುದರಲ್ಲಿದೆ. ಇಪ್ಪತ್ತು ನಿಮಿಷಗಳಲ್ಲಿ ಆಡಿ ಮುಗಿಸಬಹುದಾದ ಅಂಥದೊಂದು ಮಾತಿನ ಮಾದರಿಯನ್ನು, ಅದರ ಹಿಂದಿರುವ ಕಾರಣಗಳೊಡನೆ, ಇಲ್ಲಿ ಕೊಡಲಾಗಿದೆ.

ಮೊದಲನೆಯದು: ಜಮಾ-ಖರ್ಚು

ಕಾರ್ಯಕರ್ತೆ ಹುಡುಗಿಯರನ್ನು ಅರ್ಧಚಂದ್ರಾಕಾರವಾಗಿ ಕೂಡಿಸಿಕೊಂಡು, ತಾನೂ ಅವರ ಮಟ್ಟದಲ್ಲೇ ಕುಳಿತು, ಹೀಗೆ ಆರಂಭಿಸಬಹುದು:

"ತಂಗಿಯರೇ, ನಿಮ್ಮ ಮನೆಯಲ್ಲಿ ಅವ್ವ ತಿಂಗಳ ಖರ್ಚಿನ ಲೆಕ್ಕ ಇಡುತ್ತಾಳಲ್ಲವೇ? ನಮ್ಮ ಮೈಯಲ್ಲಿಯೂ ಕಬ್ಬಿಣದ ಒಂದು ಲೆಕ್ಕ ಇದೆ. ರಕ್ತ ಕೆಂಪಗಿರುವುದು ಹಿಮೋಗ್ಲೋಬಿನ್ ಎಂಬ ವಸ್ತುವಿನಿಂದ. ನಾವು ಎಳೆದುಕೊಂಡ ಉಸಿರಿನ ಸಾರವನ್ನು ಮೈಯ ಮೂಲೆಮೂಲೆಗೂ ಹೊತ್ತು ಒಯ್ಯುವುದು ಅದೇ. ಕಬ್ಬಿಣವಿಲ್ಲದೆ ಮೈ ಅದನ್ನು ತಯಾರಿಸಲಾರದು. ನಾವು ದಿನಾಲು ಉಣ್ಣುವ ರೊಟ್ಟಿ, ಬೇಳೆ, ಪಲ್ಯಗಳಲ್ಲಿ ಸುಮಾರು 20 ಮಿಲಿಗ್ರಾಂ ಕಬ್ಬಿಣ ಇದ್ದರೂ ಕರುಳು ಅದನ್ನೆಲ್ಲ ಒಳಗೆ ತೆಗೆದುಕೊಳ್ಳುವುದಿಲ್ಲ. ಕಾಳುಕಡಿಯ ಊಟದಿಂದ ಅದು ತೆಗೆದುಕೊಳ್ಳುವುದು ಒಂದು, ಹೆಚ್ಚೆಂದರೆ ಒಂದೂವರೆ ಮಿಲಿಗ್ರಾಂ ಮಾತ್ರ. ಇತ್ತ ಚರ್ಮ, ಕರುಳುಗಳ ಹಳೆಯ ಪದರು ಉದುರುವುದರಲ್ಲಿ ದಿನಕ್ಕೆ ಸುಮಾರು ಒಂದು ಮಿಲಿಗ್ರಾಂ ಹೋಗಿಯೇ ಹೋಗುತ್ತದೆ. ಬಂದದ್ದು ಬಂದಲ್ಲಿಗೇ ಸರಿಯಾಯಿತು. ಹಾಗಿದ್ದರೆ ಮುಟ್ಟಿನಲ್ಲಿ ಹೋಗುವ ರಕ್ತಕ್ಕೆ ಜಮಾ ಎಲ್ಲಿಂದ?"

ಈ ಪ್ರಶ್ನೆಯನ್ನು ಕೇಳಿ ಕಾರ್ಯಕರ್ತೆ ಕ್ಷಣಕಾಲ ಸುಮ್ಮನಿರಬೇಕು. ಬಳಿಕ ದೊಡ್ಡ ಚಮಚವೊಂದನ್ನು ತೋರಿಸಿ ಲೆಕ್ಕವನ್ನು ಮುಂದುವರಿಸಬೇಕು: "ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ, ಅಂದರೆ ಇಂಥ ಎರಡು-ಎರಡೂವರೆ ಚಮಚ. ಒಂದು ಮಿಲಿಲೀಟರ್ ರಕ್ತದಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣ. ಆದ್ದರಿಂದ 30 ಮಿಲಿಲೀಟರಿಗೆ 15 ಮಿಲಿಗ್ರಾಂ. ತಿಂಗಳಿಗೆ ಹದಿನೈದು ಬಿದ್ದ ಈ ಕೊರತೆಯನ್ನು ಊಟ ಒಂದೇ ತುಂಬಲಾರದು. ಮೇಲಾಗಿ ನೀವು ಬೆಳೆಯುವ ಮಕ್ಕಳು. ಎತ್ತರ ಬೆಳೆದಂತೆ ರಕ್ತವೂ ಹೆಚ್ಚಬೇಕು."

ಮುಟ್ಟಿನ ಮಾತು ಬಂದಾಗ ಹುಡುಗಿಯರು ತಲೆ ತಗ್ಗಿಸುವುದು ಸಹಜ. ಶರಣರು ಪಂಚಸೂತಕಗಳನ್ನು ಅಲ್ಲಗಳೆದಾಗ ರಜಸ್ಸೂತಕವೂ ಅವುಗಳಲ್ಲಿ ಒಂದಾಗಿತ್ತು ಎಂಬುದನ್ನು ಈ ಪರಂಪರೆಯ ಶಾಲೆಗಳಲ್ಲಿ ಓದಿದವರಿಗೆ ನೆನಪಿಸಬೇಕಾಗಿಲ್ಲ. ಆದರೂ ಗಂಡುಮಕ್ಕಳು ಪಕ್ಕದಲ್ಲಿ ಕುಳಿತಿರುವಾಗ ಈ ಭಾಗವನ್ನು ಹೇಳಿದರೆ ಹುಡುಗಿಯರು ಪ್ರಶ್ನೆ ಕೇಳುವುದಿಲ್ಲ. ಗುಳಿಗೆ ಗಂಡುಮಕ್ಕಳಿಗೂ ಉಂಟು. ಅವರಿಗೆ ಬೇರೆ ಹೊತ್ತಿನಲ್ಲಿ ಹೇಳಿದರೆ ಆಯಿತು.

ಎರಡನೆಯದು: ವಾರಕ್ಕೊಂದೇ ಏಕೆ?

"ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಅದರಲ್ಲಿಯೂ ಮೈಗೆ ಸೇರುವುದು ಸುಮಾರು ಹತ್ತರಲ್ಲೊಂದು ಪಾಲು. ಅಂದರೆ ಆರು ಮಿಲಿಗ್ರಾಂ. ತಿಂಗಳಿಗೆ ನಾಲ್ಕು ಗುಳಿಗೆ, ಇಪ್ಪತ್ತನಾಲ್ಕು ಮಿಲಿಗ್ರಾಂ. ಮುಟ್ಟಿನ ಖರ್ಚು ಹದಿನೈದು ಕಳೆದರೆ ಒಂಬತ್ತು ಉಳಿತಾಯ. ಬೆಳವಣಿಗೆಗೂ ಮುಂದಿನ ದಿನಗಳ ಸಂಗ್ರಹಕ್ಕೂ ಆ ಒಂಬತ್ತೇ ಆಧಾರ. ಎರಡು ವಾರ ತಪ್ಪಿಸಿದರೆ ತಿಂಗಳ ಜಮಾ ಹನ್ನೆರಡಕ್ಕೆ ಇಳಿಯುತ್ತದೆ, ಖರ್ಚು ಮಾತ್ರ ಹದಿನೈದೇ ಇರುತ್ತದೆ."

ಎಣಿಕೆ ಇಷ್ಟು ಸುಲಭವಾದ್ದರಿಂದ ಏಳನೆಯ ತರಗತಿಯ ಹುಡುಗಿಯೂ ಅದನ್ನು ಪಾಟಿಯ ಮೇಲೆ ಮಾಡಿ ನೋಡಬಲ್ಲಳು, ಮಾಡಿಸುವುದೇ ಒಳ್ಳೆಯದು. ಇವು ಸರಾಸರಿ ಅಂಕಿಗಳು ಎಂಬುದನ್ನು ಮಾತ್ರ ಕಾರ್ಯಕರ್ತೆ ಮರೆಯಬಾರದು. ಕಬ್ಬಿಣದ ಕೊರತೆಯುಳ್ಳ ಮೈ ಹೆಚ್ಚು ಹೀರುತ್ತದೆ, ಸಂಗ್ರಹ ತುಂಬಿದ ಮೈ ಕಡಿಮೆ ಹೀರುತ್ತದೆ.

'ದಿನಾಲು ಏಕೆ ಕೊಡುವುದಿಲ್ಲ?' ಎಂದು ಚುರುಕಾದ ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ. ಅದಕ್ಕೆ ಶಾಸ್ತ್ರೀಯವಾದ ಉತ್ತರವುಂಟು. ಕಬ್ಬಿಣ ಹೊಟ್ಟೆ ಸೇರಿದೊಡನೆ ಯಕೃತ್ತು ಹೆಪ್ಸಿಡಿನ್ ಎಂಬ ರಸವನ್ನು ಹೆಚ್ಚಿಸುತ್ತದೆ. ಆ ರಸ ಕರುಳಿನ ಬಾಗಿಲನ್ನು ಒಂದು ದಿನದ ಮಟ್ಟಿಗಾದರೂ ಅರ್ಧ ಮುಚ್ಚುತ್ತದೆ. ಮರುದಿನ ನುಂಗಿದ ಕಬ್ಬಿಣ ಮೊದಲಿನಷ್ಟು ಒಳಹೋಗುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಬಾಗಿಲು ಮತ್ತೆ ತೆರೆದಿರುತ್ತದೆ. ಆರೋಗ್ಯವಾಗಿರುವವರ ಕೊರತೆಯನ್ನು ತಡೆಯುವುದಕ್ಕೆ ವಾರಕ್ಕೊಂದು ಸಾಲುತ್ತದೆ, ಹೊಟ್ಟೆಗೂ ಉಪದ್ರವ ಕಡಿಮೆ. ಕೊರತೆ ಆಗಲೇ ಬಿದ್ದವರ ಮಾತು ಬೇರೆ. ಅದನ್ನು ಮುಂದೆ ನೋಡಬಹುದು.

ಮೂರನೆಯದು: ನುಂಗುವ ಬಗೆ, ಆಮೇಲೆ ಆಗುವುದು

ಮಾತಿನ ಹೃದಯವೆಂದರೆ ಈ ಭಾಗ. ಇದನ್ನು ಅವಸರದಲ್ಲಿ ಮುಗಿಸಬಾರದು.

"ಬರಿಹೊಟ್ಟೆಯಲ್ಲಿ ನುಂಗಬೇಡಿ. ಬಿಸಿಯೂಟ ಮುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಒಂದು ಲೋಟ ನೀರಿನೊಡನೆ ನುಂಗಿ. ಅಗಿಯಬೇಡಿ, ಅಗಿದರೆ ಬಾಯಲ್ಲಿ ತುಕ್ಕಿನ ರುಚಿ ಉಳಿದು ವಾಕರಿಕೆ ಬರುತ್ತದೆ. ಹಾಲಿನೊಡನೆ ಬೇಡ. ಚಹಾ ಅಂತೂ ಅದರ ಶತ್ರು. ಊಟದೊಡನೆ ಕುಡಿದ ಚಹಾ ಕಾಳುಕಡಿಯ ಕಬ್ಬಿಣದ ಅರ್ಧಕ್ಕಿಂತ ಹೆಚ್ಚನ್ನು ಕರುಳಿಗೆ ದಕ್ಕದಂತೆ ಕಟ್ಟಿಹಾಕುತ್ತದೆ. ಗುಳಿಗೆಗೂ ಊಟಕ್ಕೂ ಹಿಂದೆ ಮುಂದೆ ಒಂದು ತಾಸು ಚಹಾ ಮುಟ್ಟಬೇಡಿ. ಅದರ ಬದಲು ಪಲ್ಯಕ್ಕೆ ಅರ್ಧ ಲಿಂಬೆಹಣ್ಣು ಹಿಂಡಿಕೊಳ್ಳಿ, ಪೇರಲಹಣ್ಣು ತಿನ್ನಿ. ಹುಳಿ ಇದ್ದಲ್ಲಿ ಕಬ್ಬಿಣ ಸುಲಭವಾಗಿ ಒಳಗೆ ಹೋಗುತ್ತದೆ.

"ಈಗ ಮುಂದಿನದನ್ನು ಗಮನವಿಟ್ಟು ಕೇಳಿ. ನಿಮ್ಮಲ್ಲಿ ಕೆಲವರಿಗೆ ಹೊಟ್ಟೆ ತೊಳಸಬಹುದು, ಸ್ವಲ್ಪ ನೋಯಬಹುದು, ಮಲ ಗಟ್ಟಿಯಾಗಬಹುದು. ಅದು ವಿಷವಲ್ಲ, ಹೀರದೆ ಉಳಿದ ಕಬ್ಬಿಣ ಹೊಟ್ಟೆ, ಕರುಳುಗಳ ಒಳಪದರನ್ನು ಕೆಣಕುವುದರಿಂದ ಹಾಗಾಗುತ್ತದೆ. ಊಟವಾದ ಮೇಲೆ ನುಂಗುತ್ತ ಹೋದರೆ ಕೆಲವು ವಾರಗಳಲ್ಲಿ ಬಹಳ ಮಂದಿಗೆ ಕಡಿಮೆಯಾಗುತ್ತದೆ. ಮಲ ಒಂದೆರಡು ದಿನ ಕಪ್ಪಗೆ ಹೋಗುತ್ತದೆ. ಅರವತ್ತರಲ್ಲಿ ಆರು ಒಳಗೆ ಹೋಯಿತು ಎಂದೆವಲ್ಲ, ಉಳಿದ ಐವತ್ತನಾಲ್ಕು ಎಲ್ಲಿ ಹೋಗಬೇಕು? ಆ ಕಪ್ಪು ಅದೇ. ನಿಮ್ಮ ಅವ್ವನಿಗೂ ಇದನ್ನು ಇಂದೇ ಸಂಜೆ ಹೇಳಿ."

ಕೊನೆಯ ವಾಕ್ಯ ಚಿಕ್ಕದಾದರೂ ಬಿಡುವಂಥದಲ್ಲ. ತಾಯಿಗೆ ಸುದ್ದಿ ಮುಂಚೆ ತಲುಪಿದರೆ ಅದು ತಿಳಿವಳಿಕೆಯಾಗುತ್ತದೆ. ಕಪ್ಪು ಕಂಡ ಮೇಲೆ ತಲುಪಿದರೆ ಸಮಜಾಯಿಷಿಯಾಗುತ್ತದೆ. ಕಪ್ಪು ಎಂದರೆ ಎಲ್ಲ ಕಪ್ಪೂ ಒಂದೇ ಅಲ್ಲವೆಂಬುದನ್ನೂ ಕಾರ್ಯಕರ್ತೆ ತಿಳಿದಿರಬೇಕು. ಡಾಂಬರಿನಂತೆ ಅಂಟಂಟಾಗಿ ದುರ್ವಾಸನೆಯಿಂದ ಕೂಡಿದ ಮಲವು ಹೊಟ್ಟೆಯೊಳಗಿನ ರಕ್ತಸ್ರಾವದ ಲಕ್ಷಣವಾಗಿರಬಹುದು. ಅಂಥವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಗುಳಿಗೆ ಕೊಡುವ ದಿನವನ್ನು ಹಲವೆಡೆ ಸೋಮವಾರವೆಂದು ಗೊತ್ತುಪಡಿಸಲಾಗಿದೆ. ಶಿವಭಕ್ತರ ಮನೆಗಳಲ್ಲಿ ಸೋಮವಾರ ಉಪವಾಸದ ಅಥವಾ ಒಪ್ಪತ್ತಿನ ದಿನ. ಶ್ರಾವಣದಲ್ಲಂತೂ ಹುಡುಗಿಯರೂ ಅದನ್ನು ಪಾಲಿಸುತ್ತಾರೆ. ಹಸಿದ ಹೊಟ್ಟೆಯಲ್ಲಿ ಗುಳಿಗೆ ನುಂಗಿದ ನಾಲ್ವರು ಹುಡುಗಿಯರಿಗೆ ವಾಕರಿಕೆ ಬಂದರೆ ಮಿಕ್ಕವರಿಗೆ ನೋಡಿಯೇ ವಾಕರಿಕೆ ಬರುತ್ತದೆ. ಅದು ಸುದ್ದಿಯಾಗಿ ಊರೆಲ್ಲ ಹರಡುತ್ತದೆ. ಆದ್ದರಿಂದ "ಇವತ್ತು ಒಪ್ಪತ್ತು ಯಾರ್‍ಯಾರದು?" ಎಂದು ಕಾರ್ಯಕರ್ತೆ ಮೊದಲೇ ಕೇಳಬೇಕು. ಉಪವಾಸವಿದ್ದವರಿಗೆ ಮರುದಿನ ಊಟದ ನಂತರ ಕೊಟ್ಟರೆ ಯಾವ ನಷ್ಟವೂ ಇಲ್ಲ. ಜ್ವರವಿದ್ದವಳಿಗೂ ಆ ದಿನ ಬೇಡ. ಒಂದು ವಾರ ತಪ್ಪಿತೆಂದು ಮುಂದಿನ ವಾರ ಎರಡನ್ನು ಒಟ್ಟಿಗೆ ನುಂಗಿಸುವುದು ಮಾತ್ರ ಕೂಡದು.

ನಾಲ್ಕನೆಯದು: 'ಬಸುರಿಯರ ಗುಳಿಗೆ' ಎಂಬ ಅಳುಕು

ಗರ್ಭಿಣಿಯರಿಗೆ ಇದೇ ಔಷಧವನ್ನು ಕೆಂಪು ಗುಳಿಗೆಯ ರೂಪದಲ್ಲಿ ದಿನಕ್ಕೊಂದರಂತೆ 180 ದಿನ ಕೊಡುತ್ತಾರೆ. ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಅದನ್ನು ನುಂಗುವುದನ್ನು ಕಂಡ ಹುಡುಗಿ 'ನನಗೇಕೆ ಬಸುರಿಯರ ಗುಳಿಗೆ?' ಎಂದು ನಾಚುತ್ತಾಳೆ. ಇನ್ನೊಂದು ಕಡೆ, ಇದು ಮುಂದೆ ಮಕ್ಕಳಾಗದಂತೆ ಮಾಡುವ ಗುಳಿಗೆ ಎಂಬ ಗಾಳಿಮಾತೂ ಹಬ್ಬುತ್ತದೆ. ಎರಡಕ್ಕೂ ಒಂದೇ ಉತ್ತರ ಸಾಕು:

"ತಂಗಿ, ನೀರು ಬಸುರಿಯೂ ಕುಡಿಯುತ್ತಾಳೆ, ನೀನೂ ಕುಡಿಯುತ್ತೀ. ಕಬ್ಬಿಣವೂ ಹಾಗೆಯೇ. ಇದರಲ್ಲಿ ಗರ್ಭ ನಿಲ್ಲಿಸುವ ಔಷಧವೂ ಇಲ್ಲ, ತಡೆಯುವ ಔಷಧವೂ ಇಲ್ಲ. ಕಬ್ಬಿಣ ಮತ್ತು ಫೋಲಿಕ್ ಆಮ್ಲ, ಇವೆರಡೇ ಇದರಲ್ಲಿ ಕೆಲಸ ಮಾಡುವಂಥವು. ಸೊಪ್ಪು, ಕಾಳುಗಳಲ್ಲಿರುವ ಜೀವಸತ್ತ್ವವೊಂದರ ತಯಾರಿಸಿದ ರೂಪವೇ ಫೋಲಿಕ್ ಆಮ್ಲ."

ಈ ಎರಡನೆಯ ವಸ್ತುವಿನ ಕಥೆ ಭಾರತದಲ್ಲಿಯೇ ಮೊದಲಾಯಿತೆಂಬುದು ಶಿಕ್ಷಕರಿಗೆ ಆಸಕ್ತಿಯ ವಿಷಯವಾಗಬಹುದು. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಿಂದ ಕೆಲವು ವರ್ಷ ಮುಂಬಯಿಯಲ್ಲಿದ್ದು, ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಅಭ್ಯಸಿಸಿದರು. ಆ ರೋಗಿಗಳ ರಕ್ತಕಣಗಳು ಸಂಖ್ಯೆಯಲ್ಲಿ ಕಡಿಮೆಯಾಗಿದ್ದು, ಗಾತ್ರದಲ್ಲಿ ಅಸಹಜವಾಗಿ ದೊಡ್ಡವಾಗಿರುತ್ತಿದ್ದವು. ಯೀಸ್ಟಿನ ಸಾರವನ್ನು ಕೊಟ್ಟಾಗ ಅವರು ಚೇತರಿಸಿಕೊಂಡರೆಂಬುದನ್ನು ಲೂಸಿ ವಿಲ್ಸ್ 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಅಜ್ಞಾತ ವಸ್ತುವಿಗೆ 1941ರಲ್ಲಿ, ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ, 'ಎಲೆ' ಎಂಬರ್ಥದ ಲ್ಯಾಟಿನ್ ಮಾತಿನಿಂದ ಫೋಲಿಕ್ ಎಂಬ ಹೆಸರು ಬಂತು. ಜೀವಕೋಶ ಎರಡಾಗಿ ಒಡೆಯುವಾಗ ಅದು ಬೇಕೇ ಬೇಕು. ಕಬ್ಬಿಣವು ರಕ್ತಕಣದೊಳಗಿನ ಸರಕು. ಫೋಲಿಕ್ ಆಮ್ಲವು ಕಣ ಹುಟ್ಟುವುದಕ್ಕೇ ಬೇಕಾದ ಸಾಮಗ್ರಿ.

'ಮೈಬಣ್ಣ ಕಪ್ಪಾಗುವುದೇ?' ಎಂಬುದು ಹುಡುಗಿಯರು ಕಿವಿಯಲ್ಲಿ ಪಿಸುಗುಟ್ಟಿ ಕೇಳುವ ಪ್ರಶ್ನೆ. ಇಲ್ಲ; ಕಪ್ಪಾಗುವುದು ಮಲ ಮಾತ್ರ.

ಐದನೆಯದು: ಗುಳಿಗೆ ಸಿಹಿತಿಂಡಿಯಲ್ಲ

ನೀಲಿ ಗುಳಿಗೆಗೆ ಸಕ್ಕರೆಯ ಲೇಪವಿರುವುದರಿಂದ ಚಿಕ್ಕ ಮಕ್ಕಳ ಕಣ್ಣಿಗೆ ಅದು ಪೆಪ್ಪರಮೆಂಟಿನಂತೆ ಕಾಣುತ್ತದೆ. ಅಪಾಯವಿರುವುದು ಅಲ್ಲಿ. 2023ರ ಮಾರ್ಚ್ ತಿಂಗಳಲ್ಲಿ ತಮಿಳುನಾಡಿನ ಉದಕಮಂಡಲದ ಶಾಲೆಯೊಂದರಲ್ಲಿ ಕೆಲವು ಮಕ್ಕಳು ಪಂದ್ಯ ಕಟ್ಟಿ ಈ ಗುಳಿಗೆಗಳನ್ನು ಹಲವಾರು ನುಂಗಿದರು. ಎಂಟನೆಯ ತರಗತಿಯ ಒಬ್ಬ ಬಾಲಿಕೆ ತೀರಿಕೊಂಡಳು. ಒಂದು ಗುಳಿಗೆಗೆ ಹೆದರಬೇಕಾಗಿಲ್ಲ ಎಂದು ಹೇಳಿದ ಬಾಯಿಂದಲೇ ಇದನ್ನೂ ಹೇಳಬೇಕು:

"ವಾರಕ್ಕೆ ಒಂದು ಎಂದರೆ ಒಂದೇ. ಮನೆಗೆ ಒಯ್ದ ಗುಳಿಗೆಯನ್ನು ತಮ್ಮ, ತಂಗಿಯರ ಕೈಗೆ ನಿಲುಕದಂತೆ ಎತ್ತರದಲ್ಲಿ ಮುಚ್ಚಿಡಿ. ಹತ್ತು ಕಿಲೋ ತೂಗುವ ಕೂಸಿಗೆ ಮೂರು-ನಾಲ್ಕು ಗುಳಿಗೆಯೇ ಅಪಾಯ. ಯಾರಾದರೂ ಹೆಚ್ಚು ನುಂಗಿದರೆ ಬೈಯುವುದಕ್ಕೆ ನಿಲ್ಲಬೇಡಿ, ವಾಂತಿ ಮಾಡಿಸಲು ಹೋಗಬೇಡಿ. ಉಳಿದ ಗುಳಿಗೆಯ ಹಾಳೆಯನ್ನು ಕೈಯಲ್ಲಿ ಹಿಡಿದು ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಕರೆದೊಯ್ಯಿರಿ."

ಕಬ್ಬಿಣದ ವಿಷಬಾಧೆಗೆ ಮೋಸದ ಸ್ವಭಾವವಿದೆ. ಮೊದಲ ಕೆಲವು ತಾಸು ವಾಂತಿ, ಭೇದಿ, ಹೊಟ್ಟೆನೋವು ಕಾಣಿಸುತ್ತವೆ; ಬಳಿಕ ಮಗು ಸುಧಾರಿಸಿದಂತೆ ತೋರುತ್ತದೆ. ಹೆತ್ತವರು 'ಇಳಿಯಿತು' ಎಂದು ಸಮಾಧಾನಪಟ್ಟುಕೊಳ್ಳುವ ಆ ಹೊತ್ತಿನಲ್ಲಿ ಒಳಗೆ ಯಕೃತ್ತು ಹಾಳಾಗುತ್ತಿರಬಹುದು. ಆದ್ದರಿಂದ ವಾಂತಿ ನಿಂತಿತೆಂದು ಆಸ್ಪತ್ರೆಯ ದಾರಿಯಿಂದ ಹಿಂದಿರುಗುವಂತಿಲ್ಲ. ಶಾಲೆಯಲ್ಲಿ ಗುಳಿಗೆಯ ಪೆಟ್ಟಿಗೆಯನ್ನು ಬೀಗದಲ್ಲಿಟ್ಟು, ಶಿಕ್ಷಕರ ಕಣ್ಣೆದುರಿನಲ್ಲಿಯೇ ಒಂದೊಂದಾಗಿ ನುಂಗಿಸಬೇಕೆಂಬ ನಿಯಮಕ್ಕೆ ಇದೂ ಒಂದು ಕಾರಣ.

ವಾರದ ಗುಳಿಗೆ ಸಾಲದಾಗುವುದು ಯಾವಾಗ?

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಹಿಂದುಳಿದು, "ಅಕ್ಕಾ, ಮಾಳಿಗೆಯ ಮೆಟ್ಟಿಲು ಹತ್ತಿದರೆ ಎದೆ ಡವಡವ ಎನ್ನುತ್ತದೆ, ತರಗತಿಯಲ್ಲಿ ನಿದ್ದೆ ಬರುತ್ತದೆ" ಎಂದಳೆಂದು ಇಟ್ಟುಕೊಳ್ಳಬಹುದು. ಒಂಬತ್ತನೆಯ ತರಗತಿಯವಳು, ತೂಕ 40 ಕಿಲೋ. ಕಣ್ಣಿನ ಕೆಳರೆಪ್ಪೆಯನ್ನು ಜಗ್ಗಿ ನೋಡಿದರೆ ಅಷ್ಟೇನೂ ಬಿಳಿಚಿಲ್ಲ. ಕೇವಲ ಕಣ್ಣನ್ನು ನಂಬಿದರೆ ಕಾರ್ಯಕರ್ತೆ ಮೋಸಹೋಗುತ್ತಾಳೆ. ತೀವ್ರವಲ್ಲದ ರಕ್ತಹೀನತೆ ಕಣ್ರೆಪ್ಪೆಯಲ್ಲಿ ಕಾಣದೆಯೂ ಇರಬಹುದು. ಬೆರಳಿನಿಂದ ಹನಿ ರಕ್ತ ತೆಗೆದು ಅಳೆದಾಗ ಹಿಮೋಗ್ಲೋಬಿನ್ 10.2 ಗ್ರಾಂ ಎಂದು ಬರುತ್ತದೆ. ಹನ್ನೆರಡು ವರ್ಷ ದಾಟಿದ ಹುಡುಗಿಗೆ ಅದು ಒಂದು ಡೆಸಿಲೀಟರಿಗೆ, ಅಂದರೆ 100 ಮಿಲಿಲೀಟರ್ ರಕ್ತಕ್ಕೆ, 12 ಗ್ರಾಂ ಇರಬೇಕು. 11ಕ್ಕೂ 12ಕ್ಕೂ ನಡುವೆ ಇದ್ದರೆ ಅಲ್ಪ, 8ರಿಂದ 11ರ ಒಳಗಿದ್ದರೆ ಮಧ್ಯಮ, 8ಕ್ಕಿಂತ ಕೆಳಗಾದರೆ ತೀವ್ರ. ಈಕೆಯದು ಮಧ್ಯಮ.

ಇವಳ ಸಾಲ ಎಷ್ಟು? ನಲವತ್ತು ಕಿಲೋ ತೂಕದವಳ ಮೈಯಲ್ಲಿ ಸುಮಾರು 2.7 ಲೀಟರ್, ಅಂದರೆ 27 ಡೆಸಿಲೀಟರ್ ರಕ್ತವಿರುತ್ತದೆ. ಪ್ರತಿ ಡೆಸಿಲೀಟರಿಗೆ 1.8 ಗ್ರಾಂ ಕಡಿಮೆ. ಒಟ್ಟು ಸುಮಾರು 49 ಗ್ರಾಂ ಹಿಮೋಗ್ಲೋಬಿನ್ ಕೊರತೆ. ಒಂದು ಗ್ರಾಂ ಹಿಮೋಗ್ಲೋಬಿನ್ನಿಗೆ 3.4 ಮಿಲಿಗ್ರಾಂ ಕಬ್ಬಿಣ ಬೇಕು. ಹೀಗೆ ಸಾಲದ ಮೊತ್ತ ಸುಮಾರು 165 ಮಿಲಿಗ್ರಾಂ. ವಾರದ ಗುಳಿಗೆಯಿಂದ ತಿಂಗಳಿಗೆ ಉಳಿಯುವುದು ಒಂಬತ್ತು ಮಿಲಿಗ್ರಾಂ ಎಂಬುದನ್ನು ನೆನೆದರೆ ತೀರಿಸಲು ಹದಿನೆಂಟು ತಿಂಗಳು ಬೇಕಾಗುತ್ತದೆ. ಅಷ್ಟರಲ್ಲಿ ಅವಳ ಹತ್ತನೆಯ ತರಗತಿಯ ಪರೀಕ್ಷೆಯೂ ಮುಗಿದುಹೋಗಿರುತ್ತದೆ. ಕೊರತೆಯುಳ್ಳ ಮೈ ಹೆಚ್ಚು ಹೀರುವುದರಿಂದ ಅವಧಿ ಸ್ವಲ್ಪ ಕಡಿಮೆಯಾದರೂ ತತ್ತ್ವ ಬದಲಾಗದು: ವಾರದ ಗುಳಿಗೆ ಸಾಲವಾಗದಂತೆ ಕಾಯುತ್ತದೆ, ಆಗಲೇ ಆದ ಸಾಲವನ್ನು ಅದು ಬೇಗ ತೀರಿಸಲಾರದು.

ಆದುದರಿಂದ ಇವಳಿಗೆ ಬೇಕಾದದ್ದು ಚಿಕಿತ್ಸೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಅಥವಾ ಆರೋಗ್ಯ ಸಹಾಯಕಿಯ ಸೂಚನೆಯಂತೆ ದಿನಕ್ಕೆ ಎರಡು ಗುಳಿಗೆ, ಊಟದ ನಂತರ, ಮೂರು ತಿಂಗಳು. ಕಾರ್ಯಕರ್ತೆ ತಾನಾಗಿಯೇ ಇದನ್ನು ಆರಂಭಿಸುವಂತಿಲ್ಲ. ಅಳತೆ ಮಾಡಿಸಿ, ಕಳಿಸಿ, ನಡೆಸಿಕೊಂಡು ಹೋಗುವುದು ಅವಳ ಕೆಲಸ. ಒಂದು ತಿಂಗಳ ಬಳಿಕ ಮತ್ತೆ ಅಳೆದರೆ ಹಿಮೋಗ್ಲೋಬಿನ್ ಒಂದು ಗ್ರಾಮಿನಷ್ಟಾದರೂ ಏರಿ 11.2ರ ಹತ್ತಿರ ಬಂದಿರಬೇಕು. 'ಈಗ ಆರಾಮಾಗಿದೆ' ಎಂದು ಹುಡುಗಿ ಗುಳಿಗೆ ಬಿಡುವುದು ಈ ಹಂತದಲ್ಲಿಯೇ. ರಕ್ತ ಸರಿಯಾದ ಮೇಲೆ ಯಕೃತ್ತಿನಲ್ಲಿ ಕಬ್ಬಿಣದ ಸಂಗ್ರಹ ತುಂಬಬೇಕು; ಅದು ಬರಿದಾಗಿಯೇ ಉಳಿದರೆ ನಾಲ್ಕಾರು ಮುಟ್ಟುಗಳಲ್ಲಿ ಮೊದಲಿನ ಸ್ಥಿತಿ ಮರುಕಳಿಸುತ್ತದೆ. ಮೂರು ತಿಂಗಳೆಂಬ ಅವಧಿ ಇದಕ್ಕಾಗಿ. ಅದು ಮುಗಿದು ಅಳತೆ 12 ಮುಟ್ಟಿದ ಮೇಲೆ ಮತ್ತೆ ವಾರದ ನೀಲಿ ಗುಳಿಗೆ.

ತಿಂಗಳಾದರೂ ಒಂದು ಗ್ರಾಂ ಏರಲಿಲ್ಲವಾದರೆ ಕಾರಣವನ್ನು ಕ್ರಮವಾಗಿ ಹುಡುಕಬೇಕು. ಮೊದಲು, ನುಂಗುತ್ತಿದ್ದಾಳೆಯೇ? ಎರಡನೆಯದು, ಯಾವುದರೊಡನೆ ನುಂಗುತ್ತಿದ್ದಾಳೆ? ಬೆಳಗಿನ ಚಹಾದೊಡನೆ ಎಂಬ ಉತ್ತರ ಬಂದರೆ ದೋಷ ಸಿಕ್ಕಿತು. ಮೂರನೆಯದು, ಹೊಟ್ಟೆಯಲ್ಲಿ ಕೊಕ್ಕೆಹುಳುವಿದೆಯೇ? ಅದು ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತದೆ. ಬರಿಗಾಲಿನಲ್ಲಿ ಹೊಲ, ಬಯಲುಗಳಿಗೆ ಹೋಗುವವರ ಪಾದದ ಚರ್ಮದ ಮೂಲಕ ಅದರ ಮರಿ ಒಳಸೇರುತ್ತದೆ. ಆರು ತಿಂಗಳಿಗೊಮ್ಮೆ ಕೊಡುವ 400 ಮಿಲಿಗ್ರಾಮಿನ ಆಲ್ಬೆಂಡಜೋಲ್ ಗುಳಿಗೆ ಇದಕ್ಕೆ ಮದ್ದು. ಅದನ್ನು ಮಾತ್ರ ಅಗಿದು ನುಂಗಬೇಕು. ನಾಲ್ಕನೆಯದು, ಮುಟ್ಟಿನ ಸ್ರಾವ ಅತಿಯಾಗಿದೆಯೇ? ಏಳು ದಿನಕ್ಕಿಂತ ಹೆಚ್ಚು ನಡೆಯುವುದು, ತಾಸು-ಎರಡು ತಾಸಿಗೊಮ್ಮೆ ಬಟ್ಟೆ ಬದಲಿಸಬೇಕಾಗುವುದು, ರೂಪಾಯಿ ನಾಣ್ಯದಷ್ಟು ದೊಡ್ಡ ಗೆಡ್ಡೆ ಬೀಳುವುದು, ಇವು ಅದರ ಗುರುತು. ಸ್ರಾವ 80 ಮಿಲಿಲೀಟರ್ ಮೀರಿದರೆ ಮುಟ್ಟಿನ ಖರ್ಚೇ 40 ಮಿಲಿಗ್ರಾಂ ಆಗಿ ವಾರದ ಗುಳಿಗೆಯ ಜಮಾವನ್ನೆಲ್ಲ ನುಂಗಿಬಿಡುತ್ತದೆ.

ಈ ನಾಲ್ಕೂ ಅಲ್ಲವಾದರೆ ಕೊರತೆ ಕಬ್ಬಿಣದ್ದೇ ಆಗಿರಬೇಕೆಂದಿಲ್ಲ. ಬಿ-12 ಜೀವಸತ್ತ್ವದ ಕೊರತೆ ಶಾಕಾಹಾರಿಗಳಲ್ಲಿ ಅಪರೂಪವಲ್ಲ. ಹಾಲು, ಮೊಸರು ಕಡಿಮೆಯಾದ ಮನೆಗಳಲ್ಲಿ ಅದು ಇನ್ನೂ ಹೆಚ್ಚು. ಥಲಸ್ಸೀಮಿಯಾ, ಕುಡಗೋಲು ಕಣದ ರೋಗ ಮುಂತಾದ ವಂಶಾನುಗತ ದೋಷಗಳೂ ಉಂಟು. ಮೈಸೂರು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಕೆಲವು ಬುಡಕಟ್ಟುಗಳಲ್ಲಿ ಕುಡಗೋಲು ಕಣ ಕಂಡುಬರುತ್ತದೆ. ಆಗ ಗುಳಿಗೆಯ ಸಂಖ್ಯೆ ಏರಿಸುತ್ತ ಹೋಗುವುದರಿಂದ ಫಲವಿಲ್ಲ. ಹುಡುಗಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಿ ರಕ್ತವನ್ನು ಪೂರ್ಣವಾಗಿ ಪರೀಕ್ಷಿಸಬೇಕು. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದರಂತೂ ತಿಂಗಳು ಕಾಯದೆ ಮೊದಲ ದಿನವೇ ಕಳಿಸಬೇಕು.

ಮೂರು ವಾರಗಳ ಬಳಿಕ

ಹಾಜರಿ ಪುಸ್ತಕದಲ್ಲಿ ಗುಳಿಗೆ ಕೊಟ್ಟ ಗುರುತು ಬಿದ್ದಿರುತ್ತದೆ. ನುಂಗಿದ ಗುರುತು ಅಲ್ಲಿ ಬೀಳುವುದಿಲ್ಲ. ಅದನ್ನು ತಿಳಿಯಲು ಕಾರ್ಯಕರ್ತೆಗೆ ಸರಳವಾದ ಉಪಾಯವೊಂದಿದೆ. ಮೂರು ವಾರ ಬಿಟ್ಟು ಬಂದು, ಒಬ್ಬೊಬ್ಬಳನ್ನೇ ಪಕ್ಕಕ್ಕೆ ಕರೆದು, 'ನುಂಗಿದೆಯಾ?' ಎಂದು ಕೇಳದೆ, "ಕಪ್ಪಾಯಿತೇ?" ಎಂದು ಕೇಳಬೇಕು. ನುಂಗಿದವಳು ನಕ್ಕು ತಲೆಯಾಡಿಸುತ್ತಾಳೆ, ಏಕೆಂದರೆ ಹಾಗಾಗುವುದೆಂದು ಅವಳಿಗೆ ಮೊದಲೇ ಹೇಳಿತ್ತು. 'ಏನೂ ಆಗಲಿಲ್ಲ' ಎಂದವಳು ಸುಳ್ಳು ಹೇಳುತ್ತಿದ್ದಾಳೆಂದು ಕೂಡಲೇ ತೀರ್ಮಾನಿಸುವಂತಿಲ್ಲ, ಗಮನಿಸದೆಯೂ ಇರಬಹುದು. ಆದರೆ ಮೂರು ವಾರವೂ ಏನೂ ಕಾಣದವಳ ಬಳಿ ಇನ್ನೈದು ನಿಮಿಷ ಕುಳಿತು, ಗದರದೆ, ಗುಳಿಗೆ ಎಲ್ಲಿ ಹೋಯಿತೆಂದು ವಿಚಾರಿಸಬೇಕು. ವಾಂತಿಯ ಭಯವೋ, ಅಜ್ಜಿಯ ಮಾತೋ, ಸೋಮವಾರದ ಒಪ್ಪತ್ತೋ, ಕಾರಣವೊಂದು ಹೊರಬೀಳುತ್ತದೆ. ಅದಕ್ಕೆ ತಕ್ಕ ಉತ್ತರವನ್ನು ಅಲ್ಲಿಯೇ ಕೊಟ್ಟು, ಮುಂದಿನ ವಾರ ಅವಳು ಊಟ ಮುಗಿಸಿ ಗುಳಿಗೆ ನುಂಗುವಾಗ ಕಾರ್ಯಕರ್ತೆ ಅವಳ ಪಕ್ಕದಲ್ಲಿ ಕುಳಿತಿದ್ದರೆ ಸಾಕು.